ತುಟ್ಟಿ ಫೋನಿನ ಎತ್ತು

ರಾಮದುರ್ಗದ ಬಟ್ಟೆ ಅಂಗಡಿಯ ಪ್ರಚಾರಕ್ಕೆ ಸಪ್ನಾ ಗೇಮ್ ಮಾಡಿದ್ದಳು. ಎತ್ತು ತಾನೇ ಓಡುತ್ತದೆ. ಪರದೆ ಮುಟ್ಟಿದರೆ ಕಲ್ಲು ದಾಟಿ ಜಿಗಿಯುತ್ತದೆ. ತನ್ನ ಹಳೇ ಲ್ಯಾಪ್‌ಟಾಪಿಗೆ ಹಗುರವೆಂದು ಗೇಮ್ ಕಟ್ಟಲು ಗೊಡೊ ಎಂಬ ಉಚಿತ ತಂತ್ರಾಂಶ ಆರಿಸಿದ್ದಳು.

ಗುಮಾಸ್ತ ಶಟ್ಟೆಪ್ಪನ ಹಳೇ ಫೋನಿನಲ್ಲಿ ಎತ್ತು ಚೆನ್ನಾಗಿ ಓಡಿತು. ಮಾಲೀಕ ನಿಜಗುಣಪ್ಪನ ಹೊಸ ಫೋನಿನಲ್ಲಿ ಬಾಣದಂತೆ ಹೋಗಿ ಮೊದಲ ಕಲ್ಲಿಗೇ ಬಡಿಯಿತು.

"ನಿಮ್ಮ ಫೋನ್ ಸೆಕೆಂಡಿಗೆ ನೂರಾ ಇಪ್ಪತ್ತು ಸಲ ಚಿತ್ರ ತೋರಸ್ತೈತ್ರಿ, ಶಟ್ಟೆಪ್ಪನವರದು ಅರವತ್ತ. ನಾ ಚಿತ್ರಕ್ಕೊಂದು ಹೆಜ್ಜಿ ಅಂತ ಬರ್ದಿದ್ದೆ, ತಪ್ಪಾತು," ಎಂದ ಸಪ್ನಾ, ಚಿತ್ರ ಬದಲಾದಾಗಲೆಲ್ಲ ಮರುಕಳಿಸುವ ಗೇಮಿನ ಲೂಪಿನಲ್ಲಿ ಎತ್ತಿನ ವೇಗವನ್ನು ಎರಡು ಚಿತ್ರಗಳ ನಡುವೆ ಕಳೆದ ಸಮಯದಿಂದ ಗುಣಿಸಿದಳು. ಈಗ ಎರಡೂ ಫೋನಿನ ಎತ್ತುಗಳು ಸಮನಾಗಿ ಓಡಿದವು.

ನಿಜಗುಣಪ್ಪನ ಮುಖ ಬಿಗಿಯಾಯಿತು.

"ಶಟ್ಟೆಪ್ಪಂದೂ ಅಷ್ಟ, ನಂದೂ ಅಷ್ಟ ಓಡಿದ್ರ ನಾ ತುಟ್ಟಿ ಫೋನ್ ಯಾಕ ತಗೋಬೇಕಿತ್ತು? ಮೊದಲಿನಂಗ ಮಾಡವ್ವಾ. ಬಿದ್ರೂ ಅವನಕಿಂತ ಮೊದಲ ಬೀಳಲಿ."