ಹಿಂದಕ್ಕೆ ಹೊರಟ ಬಸ್ಸು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಲೆಕ್ಕ ಬಾರದೆ ಅಳುವ ಮಗುವನ್ನು ಕಂಡರೆ ಮಾತ್ರ ಕರಗಿ ನೀರಾಗುತ್ತೇನೆ. ಮರಾಠಿ ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ನಾನು ಓದುವಾಗ ಪರೀಕ್ಷೆಯ ಮರಾಠಿ ಎಷ್ಟು ಒರಟಾಗಿತ್ತೆಂದರೆ, ಪ್ರಶ್ನೆ ಅರ್ಥವಾಗುವಷ್ಟರಲ್ಲೇ ಗಂಟೆ ಹೊಡೆಯುತ್ತಿತ್ತು. ಹಾಗಾಗಿ ಕನ್ನಡದ ಪ್ರಶ್ನೆಪತ್ರಿಕೆಯನ್ನು ಮರಾಠಿಗೆ ತರಲು ಪರೀಕ್ಷಾ ಮಂಡಳಿಯಿಂದ ಕರೆ ಬಂದಾಗ ಕುಣಿದಾಡಿಬಿಟ್ಟೆ.

"ಅಮ್ಮಾ, ಉತ್ತರಾನೂ ನೀನೇ ಬರೆದು ಬಂದುಬಿಡಬೇಡ" ಎಂದಳು ಮಗಳು.

"ತಲೆಹರಟೆ, ಸುಮ್ಮನಿರೇ!" ಎಂದು ಹೊರಟೆ.

ಫೋನುಗಳನ್ನು ಬಾಗಿಲಲ್ಲೇ ಕಸಿದುಕೊಂಡರು. ಒಳಗೆ ಉದ್ದನೆಯ ಮೇಜು, ಗಿರಗಿರ ಎನ್ನುವ ಫ್ಯಾನು, ಅತ್ತಿತ್ತ ಕೂತ ನಾವು ಮೂವರು. ಕೆಲಸದ ಉಸ್ತುವಾರಿ ನೋಡುವ ಮೇಡಂ ನಕ್ಕಿದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. ಇನ್ನೊಬ್ಬರು ದಿನಪತ್ರಿಕೆಯಲ್ಲಿ ದುಡಿದು ನಿವೃತ್ತರಾದವರು, ಎಲ್ಲರ ಬಾಯಲ್ಲೂ ಕಾಕಾ. ನನ್ನ ಮರಾಠಿಯನ್ನು, ಮೂಲವನ್ನು ನೋಡದೆ, ಮತ್ತೆ ಕನ್ನಡಕ್ಕೆ ತಿರುಗಿಸುವುದು ಅವರ ಕೆಲಸ. ಎರಡು ಕನ್ನಡವೂ ತಾಳೆಯಾದರೆ ನನ್ನ ಅನುವಾದ ಪಾಸು.

"ಲೆಕ್ಕ ಅಂದ್ರೆ ನನಗೆ ಚಿಕ್ಕಂದಿನಿಂದಲೂ ಚಳಿಜ್ವರ ಕಣಮ್ಮ. ಭಾಷೆ ಮಾತ್ರ ನೋಡ್ತೀನಿ" ಎಂದರು ಕಾಕಾ ಮೊದಲೇ.

ಮೊದಲ ಪ್ರಶ್ನೆ ಬಸ್ಸಿನದು. ಮೊದಲ ನಿಲ್ದಾಣದಲ್ಲಿ ಅರ್ಧ ಜನ ಇಳಿದರು, ಎರಡನೆಯದರಲ್ಲಿ ಐದು ಜನ ಹತ್ತಿದರು, ಮೂರನೆಯದರಲ್ಲಿ ಏಳು ಜನ ಇಳಿದ ಮೇಲೆ ಹನ್ನೆರಡು ಜನ ಉಳಿದರು. ಹೊರಟಾಗ ಬಸ್ಸಿನಲ್ಲಿ ಎಷ್ಟು ಜನರಿದ್ದರು? ಅಂಕಿಯಾಗಲಿ, ಪದವಾಗಲಿ ಒಂದನ್ನೂ ಬಿಡದೆ ಸೊಗಸಾದ ಮರಾಠಿಯಲ್ಲಿ ಬರೆದುಕೊಟ್ಟೆ.

ಕಾಕಾ ಅದನ್ನು ಕನ್ನಡಕ್ಕೆ ತಿರುಗಿಸಿ, ಹಾಳೆ ಓದುತ್ತಾ ಓದುತ್ತಾ ಕುರ್ಚಿಯಿಂದ ಎದ್ದೇಬಿಟ್ಟರು. "ಇಪ್ಪತ್ತೆಂಟು! ಅರೆರೆ, ನನಗೇ ಬಂತಲ್ಲ!"

ನಾನು ಹಿರಿಹಿರಿ ಹಿಗ್ಗಿದೆ. ಮೇಡಂ ಹುಬ್ಬು ಗಂಟಿಕ್ಕಿದರು. "ಕಾಕಾಗೆ ಅಷ್ಟು ಸಲೀಸಾಗಿ ಬಂತು ಅಂದ್ರೆ ಏನೋ ಎಡವಟ್ಟಾಗಿದೆ. ತಿರುಗಿಸಿದ್ದನ್ನ ಕೊಡಿ ಇಲ್ಲಿ."

ಕಾಕಾ ತಿರುಗಿಸಿದ ಕನ್ನಡ ಹೀಗಿತ್ತು: ಕೊನೆಗೆ ಬಸ್ಸಿನಲ್ಲಿ ಹನ್ನೆರಡು ಜನ ಉಳಿದರು. ಅದಕ್ಕೆ ಮುಂಚೆ ಏಳು ಜನ ಇಳಿದಿದ್ದರು. ಅದಕ್ಕೂ ಮುಂಚೆ ಐದು ಜನ ಹತ್ತಿದ್ದರು. ಎಲ್ಲಕ್ಕಿಂತ ಮೊದಲು ಅರ್ಧ ಜನ ಇಳಿದಿದ್ದರು.

ಅಯ್ಯೋ ದೇವರೇ! ತರಗತಿಯಲ್ಲಿ ಇಂಥ ಲೆಕ್ಕವನ್ನು ಕೊನೆಯಿಂದ ಬಿಡಿಸಿ ತೋರಿಸುವುದು ನನ್ನ ಅಭ್ಯಾಸ. ಗೊತ್ತೇ ಆಗದ ಹಾಗೆ ಬಸ್ಸನ್ನು ಹಿಂದಕ್ಕೆ ಓಡಿಸಿದ್ದೆ. ಹಿಂದಿನಿಂದ ಬರಬೇಕು ಎಂಬುದನ್ನು ಮಗು ತಾನೇ ಕಂಡುಕೊಳ್ಳಬೇಕಿತ್ತು. ಪ್ರಶ್ನೆಯ ಕಷ್ಟವೆಲ್ಲ ಇದ್ದದ್ದೇ ಅಲ್ಲಿ.

"ಮಕ್ಕಳಿಗೆ ಅರ್ಥವಾಗಲಿ ಅಂತ..." ಎಂದೆ.

"ಅರ್ಥ ಮಾಡಿಸಿಲ್ಲ ನೀವು, ದಾರಿ ತೋರಿಸಿದ್ದೀರಿ" ಎಂದರು ಮೇಡಂ. "ಮರಾಠಿ ಮಕ್ಕಳಷ್ಟೇ ಈ ಪ್ರಶ್ನೆಯಲ್ಲಿ ಏಕಾಏಕಿ ಮುಂದೆ ಬಂದ್ರೆ ಅಂಕಗಳನ್ನ ಪರಿಶೀಲಿಸುವಾಗ ಸಿಕ್ಕಿಬೀಳುತ್ತೆ. ಪ್ರಶ್ನೆಯನ್ನೇ ರದ್ದು ಮಾಡ್ತಾರೆ. ಆಗ ತಾನಾಗೇ ತಲೆ ಓಡಿಸಿದ ಮಗುವಿನ ಅಂಕವೂ ಹೋಯ್ತು. ಇನ್ನೊಂದು ಹೀಗಾದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಕರೆಸ್ತೀನಿ."

ಬೇರೆಯವರು ಬಂದು ಮತ್ತೆ ಆ ಹಳೆಯ ಒರಟು ಮರಾಠಿಯನ್ನೇ ಬರೆದರೆ? ಬಸ್ಸನ್ನು ನೆಟ್ಟಗೆ ಮುಂದಕ್ಕೆ ಓಡಿಸಿ ಕೊಟ್ಟೆ.

ಎರಡನೆಯ ಪ್ರಶ್ನೆ: ಐವತ್ತು ಸೆಂಟಿಮೀಟರ್ ಅಗಲದ ಚಿತ್ರವನ್ನು ಶೇಕಡಾ ಇಪ್ಪತ್ತು ಹಿಗ್ಗಿಸಿ, ಆಮೇಲೆ ಶೇಕಡಾ ಇಪ್ಪತ್ತು ಕುಗ್ಗಿಸಿದರು. ಈಗ ಅಗಲವೆಷ್ಟು? 'ಹಿಗ್ಗಿದ ಅಗಲದಲ್ಲಿ ಶೇಕಡಾ ಇಪ್ಪತ್ತು' ಎಂದು ಬರೆಯಲು ಕೈ ಹಪಹಪಿಸಿತು. ಹುಟ್ಟುಗುಣ ಸುಟ್ಟರೂ ಹೋಗದು! ಮೂಲದಲ್ಲಿ ಆ ಮಾತಿರಲಿಲ್ಲ. ನಾನೂ ಬರೆಯಲಿಲ್ಲ.

ಎರಡು ಕನ್ನಡವೂ ತಾಳೆಯಾದವು. ಆದರೂ ಮೇಡಂಗೆ ನನ್ನ ಮೇಲೆ ನಂಬಿಕೆ ಬಂದಿರಲಿಲ್ಲ. "ಕಾಕಾ, ಇದನ್ನ ಮಾಡಿ ನೋಡಿ. ನೀವು ಬಾಯಿ ಬಿಡಬಾರದು" ಎಂದು ನನ್ನತ್ತ ಬೆರಳು ತೋರಿಸಿದರು.

"ಇಪ್ಪತ್ತು ಹಿಗ್ಗಿತು, ಇಪ್ಪತ್ತು ಕುಗ್ಗಿತು. ಐವತ್ತಕ್ಕೆ ಐವತ್ತೇ!" ಎಂದು ಕಾಕಾ ಬರೆದು, ಹೇಗಿದೆ ಎನ್ನುವಂತೆ ನನ್ನ ಮುಖ ನೋಡಿದರು.

ನನ್ನ ನಾಲಿಗೆ ತುರಿಸಿದ್ದು ಅಷ್ಟಿಷ್ಟಲ್ಲ. ಕಣ್ಣು ಮಿಟುಕಿಸಿದರೂ ಸುಳಿವಾದೀತೆಂದು ಗೋಡೆಯ ಕಡೆ ತಿರುಗಿ ಕೂತೆ. ಪಾಪ, ತಪ್ಪಾಗಿಯೇ ಉಳಿದುಬಿಡುತ್ತಾರಲ್ಲ!

ಬೆನ್ನ ಹಿಂದೆ ಪೆನ್ನು ಮೇಜಿಗೆ ಟಕಟಕ ಬಡಿಯುವ ಸದ್ದು. ಆಮೇಲೆ ಅದೂ ನಿಂತಿತು.

"ತಡೀರಿ... ತಡೀರಿ" ಎಂದರು ಕಾಕಾ ಮೆಲ್ಲಗೆ. "ಹಿಗ್ಗಿದ ಮೇಲೆ ಅದು ಅರವತ್ತಾಯ್ತಲ್ಲ? ಕುಗ್ಗೋದು ಆ ಅರವತ್ತರಲ್ಲಿ... ಹನ್ನೆರಡು ಹೋಯ್ತು... ನಲವತ್ತೆಂಟು! ಹೌದಲ್ವಾ ಮೇಡಂ? ನಲವತ್ತೆಂಟೇ!"

ತಿರುಗಿ ನೋಡಿದೆ. ಬಸ್ಸಿನ ಲೆಕ್ಕ ಬಂದಾಗ ಬೆರಗಾಗಿದ್ದ ಮುಖ ಅದಲ್ಲ. ಕಿವಿಯವರೆಗೂ ಕೆಂಪೇರಿ, ಕನ್ನಡಕ ಜಾರಿದ್ದೂ ಗೊತ್ತಿಲ್ಲದೆ, ಎಪ್ಪತ್ತರ ಮುದುಕ ಮಗುವಿನಂತೆ ನಗುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಎಷ್ಟು ಮಕ್ಕಳ ಈ ನಗುವನ್ನು ಅವಸರಪಟ್ಟು ನಾನೇ ಕಸಿದುಕೊಂಡೆನೋ ಅನ್ನಿಸಿತು.

"ಯಾರೂ ಹೇಳಿಕೊಡಲಿಲ್ಲ ನೋಡಮ್ಮ" ಎಂದರು ಕಾಕಾ, ಹಾಳೆಯನ್ನು ನನ್ನೆದುರು ಹಿಡಿದು. "ನಾನೇ ಮಾಡಿದ್ದು."

"ಗೊತ್ತು ಕಾಕಾ" ಎಂದೆ.

ಮೇಡಂ ಮೂರನೆಯ ಪ್ರಶ್ನೆಯನ್ನು ನನ್ನ ಮುಂದಕ್ಕೆ ಸರಿಸಿದರು.