ಸ್ವಲ್ಪ ಕೆಮ್ಮು, ಡಾಕ್ಟ್ರೇ

ಡ್ರೈವಿಂಗ್ ಶಾಲೆಯ ಮೇಷ್ಟ್ರು ಮನೆ ಡಾಕ್ಟರಿಗೆ ಕಳಿಸಿದ ಸಂದೇಶ ಒಂದೇ ಸಾಲಿನದು: ‘ಸ್ವಲ್ಪ ಕೆಮ್ಮು, ಒಳ್ಳೇ ಸಿರಪ್ ಹೆಸರು ಕಳಿಸಿ.’ ಕಾಯಿಲೆ ಇವರೇ ಕಂಡುಹಿಡಿದಾಗಿತ್ತು, ಔಷಧವೂ ಇವರೇ ಗೊತ್ತುಮಾಡಿದ್ದರು. ಪಾಪ, ಡಾಕ್ಟರಿಗೆ ಉಳಿದದ್ದು ಗುಮಾಸ್ತೆಯ ಕೆಲಸ.

ಡಾಕ್ಟರ್ ಸಿರಪ್ ಬದಲು ಪ್ರಶ್ನೆ ಕಳಿಸಿದರು. ‘ಯಾವತ್ತು ಶುರುವಾಯಿತು? ಮೊದಲೇನು, ಆಮೇಲೇನು? ಜ್ವರ, ಕಫ, ಉಸಿರಾಟ? ನೀವಾಗಿ ಏನಾದರೂ ನುಂಗಿದಿರಾ?’

ಮೇಷ್ಟ್ರು ಫೋನನ್ನು ಹೆಂಡತಿಯತ್ತ ತಳ್ಳಿದರು. “ಎರಡು ದಿನದಿಂದ ಅಂತ ಬರಿ ಕಣೇ. ಎಕ್ಸ್‌ರೇ ಗಿಕ್ಸ್‌ರೇ ಅಂತ ಕೂರಿಸಿಬಿಟ್ರೆ ನಾಳೆ ಕಲಿಯೋರಿಗೆ ಗತಿ ಯಾರು?”

“ಹೌದು, ನೀವಿಲ್ದೆ ಊರಲ್ಲಿ ಚಕ್ರಾನೇ ತಿರುಗಲ್ಲ,” ಎಂದಳು ಹೆಂಡತಿ. ವಾರವಿಡೀ ಆ ಕೆಮ್ಮಿನ ಪಕ್ಕದಲ್ಲೇ ಮಲಗಿದವಳು ಅವಳು. ಅವರ ಮಾತು ಕೇಳಿಸಿಕೊಂಡಳು, ಬರೆದದ್ದು ತನ್ನದನ್ನು:

‘ಸೋಮವಾರ ಗಂಟಲು ಕೆರೆತ, ಒಣ ಕೆಮ್ಮು. ಬುಧವಾರದಿಂದ ರಾತ್ರಿ ನಿದ್ದೆಯಿಲ್ಲ. ಗುರುವಾರ ನಡುಕ, ಜ್ವರ ನೂರೆರಡು. ನನ್ನ ಹಲ್ಲುನೋವಿಗೆ ಕೊಟ್ಟು ಉಳಿದಿದ್ದ ಆಂಟಿಬಯಾಟಿಕ್ ಮೂರು ಮಾತ್ರೆ ನುಂಗಿದರು. ಶುಕ್ರವಾರ ಜ್ವರ ಕಡಿಮೆ ಅಂತ ಬಿಟ್ಟರು. ಶನಿವಾರ ಮತ್ತೆ ಜ್ವರ, ತುಕ್ಕಿನ ಬಣ್ಣದ ಕಫ. ಇವತ್ತು ಭಾನುವಾರ, ಉಸಿರೆಳೆದರೆ ಬಲಪಕ್ಕೆ ಚುಚ್ಚುತ್ತದೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಸಕ್ಕರೆ ಕಾಯಿಲೆ ಇರುವುದು ನಿಮಗೆ ಗೊತ್ತೇ ಇದೆ.’

“ಓದು ನೋಡೋಣ,” ಎಂದರು ಮೇಷ್ಟ್ರು. ಓದಿದಳು. ಮಾತ್ರೆಯ ವಿಷಯ ಬಂದದ್ದೇ ತಡ, ಅವರ ಮುಖ ಕೆಂಪಾಯಿತು.

“ಅದನ್ನ ತೆಗಿ. ಡಾಕ್ಟ್ರು... ನನ್ನ... ಏನಂದ್ಕೊ...” ಅಷ್ಟಕ್ಕೇ ನಿಂತಿತು. ಕಲಿಯುವವರು ಗೇರು ತಪ್ಪಿದರೆ ಒಂದೇ ಉಸಿರಿನಲ್ಲಿ ಅವರ ಏಳು ತಲೆಮಾರಿನ ಜಾತಕ ಜಾಲಾಡುತ್ತಿದ್ದ ಬಾಯಿ ಅದು. ಈಗ ಮೇಷ್ಟ್ರು ಮೇಜು ಹಿಡಿದು, ಭುಜ ಎತ್ತಿ ಎತ್ತಿ ಗಾಳಿ ಹುಡುಕುತ್ತಿದ್ದರು.

ಹೆಂಡತಿ ಏನನ್ನೂ ಅಳಿಸಲಿಲ್ಲ. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: ‘ಈಗ ಒಂದು ವಾಕ್ಯ ಪೂರ್ತಿ ಹೇಳಲೂ ಉಸಿರು ಸಾಲುತ್ತಿಲ್ಲ.’ ಕಳಿಸಿಬಿಟ್ಟಳು.

ತಕ್ಷಣ ಡಾಕ್ಟರ ಫೋನು ಬಂತು. “ಅಮ್ಮಾ, ತುಟಿ ನೀಲಿಯಾಗಿದ್ಯಾ?”

“ಇಲ್ಲ ಡಾಕ್ಟ್ರೇ.”

“ಸ್ವಲ್ಪ ಅವರ ಕೈಗೆ ಕೊಡಿ.”

ಮೇಷ್ಟ್ರು ಫೋನ್ ಕಿವಿಗಿಟ್ಟರು. “ಏನಿಲ್ಲ... ಡಾಕ್ಟ್ರೇ... ಸ್ವಲ್ಪ...”

“ಸಾಕು, ಕೇಳಿಸ್ತು. ನನ್ನ ಕ್ಲಿನಿಕ್ಕಿಗೆ ಬರಬೇಡಿ. ನ್ಯುಮೋನಿಯಾ ಇರೋ ಹಾಗಿದೆ. ಆಂಬುಲೆನ್ಸ್ ಕರೆಸಿ ಈಗಲೇ ದೊಡ್ಡಾಸ್ಪತ್ರೆ ತುರ್ತು ವಿಭಾಗಕ್ಕೆ ಹೋಗಿ, ಅಲ್ಲಿಗೆ ನಾನು ಹೇಳಿರ್ತೀನಿ. ಅವರು ನುಂಗಿದ ಮಾತ್ರೆ ಸ್ಟ್ರಿಪ್ ಜೊತೆಗಿರಲಿ.”

ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಮೂಗಿಗೆ ಆಮ್ಲಜನಕ ಹತ್ತಿಸಿಕೊಂಡು ಮಲಗಿದ ಮೇಷ್ಟ್ರು, ಗಾಡಿ ತಿರುವಿನಲ್ಲಿ ವಾಲಿದಾಗ ಕಣ್ಣು ಬಿಟ್ಟರು. ಡ್ರೈವರಿಗೆ ಏನೋ ಹೇಳಬೇಕಿತ್ತು, ಉಸಿರು ಸಾಲಲಿಲ್ಲ.

“ಸುಮ್ನೆ ಮಲ್ಕೊಳ್ಳಿ,” ಎಂದಳು ಹೆಂಡತಿ, ಅವರ ಕೈಯನ್ನು ಬಿಗಿಯಾಗಿ ಹಿಡಿದು. “ಅವನಿಗೆ ಲೈಸೆನ್ಸ್ ಇದೆ.”