ಬಿರುಸು ರೇಷ್ಮೆಗೆ ತಕ್ಕ ಕಟ್

ಲೈಬ್ರರಿಯಮ್ಮ ಮಗಳ ಮದುವೆಗೆ ತನಗೆಂದು ಆರಿಸಿ ತಂದದ್ದು ಅಡ್ಡಕ್ಕೆ ಗಂಟುನೂಲು ಓಡಿದ, ತಾಮ್ರಬಣ್ಣದ ಬಿರುಸು ರೇಷ್ಮೆ. ಟೈಲರಮ್ಮ ಅದರ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು ನೋಡಿದಳು. ಬಿದ್ದ ಸುಕ್ಕು ಹಾಗೇ ನಿಂತಿತು. ಹಿಡಿ ಮಣ್ಣು ಎತ್ತಿ ನೋಡಿ ಇಲ್ಲಿ ಇಂಥದ್ದೇ ಬಿತ್ತಬೇಕು ಎನ್ನುವವರಿರುತ್ತಾರಲ್ಲ, ಬಟ್ಟೆಯ ವಿಷಯದಲ್ಲಿ ಆಕೆ ಅಂಥವಳು.

ಆದರೆ ಅಂದು ಅಂಗಡಿಯಲ್ಲಿ ಆಕೆಗೆ ಬಾಯಿ ತೆರೆಯಲು ಎಡೆಯೇ ಸಿಗಲಿಲ್ಲ. ಜೊತೆಗೆ ಬಂದಿದ್ದ ನಾದಿನಿ ಫೋನಿನಲ್ಲಿ ಚಿತ್ರ ತೋರಿಸುತ್ತ, ಮೈಯ ಮೇಲೇ ಜಾರಿ ಇಳಿಯುವ ಕ್ರಾಸ್ ಕಟ್ ಗೌನೇ ಆಗಬೇಕೆಂದು ಪಟ್ಟು ಹಿಡಿದಿದ್ದಳು. ಲೈಬ್ರರಿಯಮ್ಮನಿಗೆ ಎಲ್ಲಿಯೂ ಮೈ ಮುಟ್ಟದಂಥದ್ದು ಬೇಕಿತ್ತು.

“ಗೋಣಿಚೀಲ ಹೊಲಿಸ್ಕೋತೀರಾ ಅತ್ತಿಗೆ? ಫೋಟೋದಲ್ಲಿ ಮದುಮಗಳ ಪಕ್ಕ ಮೂಟೆ ಇಟ್ಟ ಹಾಗಿರುತ್ತೆ.”

ಲೈಬ್ರರಿಯಮ್ಮನೂ ನಕ್ಕಳು. ಆದರೆ ಹೊದ್ದ ಶಾಲು ತೆಗೆಯಲಿಲ್ಲ. ಹಾಗೆಯೇ ಅಳತೆ ತೆಗೆದುಕೋ ಎಂದಳು. ಎಡ, ಬಲ ಎರಡನ್ನೂ ಬೇರೆ ಬೇರೆ ಅಳೆಯುವುದು ಟೈಲರಮ್ಮನ ರೂಢಿ. ಶಾಲಿನ ಒಳಗೆ ಕೈಹಾಕಿ ಹೆಗಲಿಂದ ಎದೆಯ ಮೇಲೆ ಹಾಯಿಸಿ ಸೊಂಟಕ್ಕೆ ಟೇಪು ಇಳಿಸಿದಾಗ ಎಡಗಡೆ ಏರಿ ಇಳಿಯಿತು, ಬಲಗಡೆ ಗೋಡೆಯ ಮೇಲಿಂದ ಇಳಿದ ಹಾಗೆ ನೆಟ್ಟಗೆ ಇಳಿದುಬಿಟ್ಟಿತು. ಹೋದ ವರ್ಷ ಲೈಬ್ರರಿಯಮ್ಮ ದೀರ್ಘ ರಜೆ ಹಾಕಿದ್ದು, ಆಮೇಲೆ ಯಾರ ಮನೆಯ ಸಮಾರಂಭಕ್ಕೂ ಕಾಲಿಡದೆ ಹೋದದ್ದು ಯಾಕೆಂದು ಆಕೆಗೆ ಆಗ ಗೊತ್ತಾಯಿತು. ಟೇಪು ಸುತ್ತಿಟ್ಟಳು.

ಮರುದಿನ ಟೈಲರಮ್ಮ ಲೈಬ್ರರಿಯಮ್ಮನಿಗೆ ಫೋನು ಮಾಡಿದರೆ ಎತ್ತಿದ್ದೂ ನಾದಿನಿಯೇ. ಅಂಗಡಿಯ ಇಸ್ತ್ರಿ ಮೇಜಿನ ಬಳಿ ನಿಂತಿದ್ದ ಟೈಲರಮ್ಮನ ಗಂಡ, ಹೇಳಿದಷ್ಟು ಹೊಲಿದುಕೊಟ್ಟು ಸುಮ್ಮನಿರಬಾರದೇ, ಊರ ಉಸಾಬರಿ ನಿನಗೇಕೆ ಎಂದ. ಆಕೆ ಕಟಿಂಗ್ ಮೇಜಿನ ಮೇಲೆ ಕಾಗದ ಹರಡಿ ಬರೆಯಲು ಕೂತಳು.

“ಅಕ್ಕನವರಿಗೆ ನಮಸ್ಕಾರ. ನಿಮ್ಮ ರೇಷ್ಮೆಗೆ ಇನ್ನೂ ಕತ್ತರಿ ಹಾಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ, ರೇಷ್ಮೆಯೂ ಹಾಗೇ.

ಕ್ರಾಸ್ ಕಟ್ ಎಂದರೆ ಬಟ್ಟೆಯನ್ನು ಓರೆಗೆ ಕತ್ತರಿಸುವುದು. ನೀರಿನಂತೆ ಜಾರುವ ಮೆತ್ತನೆ ರೇಷ್ಮೆಗೆ ಅದು ಚೆನ್ನ. ನಿಮ್ಮದು ಮೆತ್ತಗಿನದಲ್ಲ, ತನ್ನ ಕಾಲ ಮೇಲೆ ತಾನು ನಿಲ್ಲುವಂಥದ್ದು. ಹಾಗೆಂದು ನೀವು ಹೇಳಿದಷ್ಟು ಸಡಿಲ ಬಿಟ್ಟರೆ ಡೇರೆಯಂತೆ ಸೆಟೆದು ನಿಂತು, ಬೇಡವೆಂದರೂ ಜನರ ಕಣ್ಣು ಅಲ್ಲಿಗೇ ಹೋಗುತ್ತದೆ.

ಇದಕ್ಕೆ ಪ್ರಿನ್ಸೆಸ್ ಕಟ್ ಸರಿ. ಹೆಗಲಿಂದ ಅಂಚಿನವರೆಗೆ ಎರಡೂ ಕಡೆ ಉದ್ದಕ್ಕೆ ಹೊಲಿಗೆ ಬರುತ್ತದೆ, ಒಂದೊಂದು ತುಂಡಿಗೂ ಅದರದರ ಅಳತೆ. ಯಾರ ಮೈಯೂ ಎರಡು ಬದಿ ಒಂದೇ ಸಮ ಇರುವುದಿಲ್ಲ. ಬಲಗಡೆಯ ಅಸ್ತರಿನ ಒಳಗೆ ತೆಳು ಹತ್ತಿಯ ಪದರ ಕೂಡಿಸುತ್ತೇನೆ. ಉಳಿದದ್ದನ್ನು ರೇಷ್ಮೆಯ ಬಿರುಸೇ ನೋಡಿಕೊಳ್ಳುತ್ತದೆ, ಅದು ಮೈಗೆ ಅಂಟದೆ ತನ್ನ ಆಕಾರವನ್ನು ತಾನೇ ಹಿಡಿಯುತ್ತದೆ. ನನ್ನ ಕೈಗೆ ತಿಳಿದದ್ದು ಯಾರ ಮುಂದೆಯೂ ನನ್ನ ಬಾಯಿಂದ ಬರುವುದಿಲ್ಲ. ಮೊದಲು ಕೋರಾ ಬಟ್ಟೆಯಲ್ಲಿ ಟ್ರಯಲ್ ಹೊಲಿದಿಟ್ಟಿರುತ್ತೇನೆ. ಬೇಡವೆಂದರೆ ನೀವು ಹೇಳಿದ ಹಾಗೆಯೇ ಆಗಲಿ.”

ಗಂಡನೇ ಲೈಬ್ರರಿಗೆ ಹೋಗಿ ಆ ಕಾಗದವನ್ನು ಲೈಬ್ರರಿಯಮ್ಮನ ಕೈಗೆ ಕೊಟ್ಟು ಬಂದ. ಓದಿದಳೇ ಎಂದು ಕೇಳಿದ್ದಕ್ಕೆ, ಓದಿ ಮಡಚಿದಳು, ಮುಖ ನೋಡುವ ಧೈರ್ಯ ತನಗಾಗಲಿಲ್ಲ ಎಂದ.

ಆ ವಾರವೆಲ್ಲ ಸುದ್ದಿಯಿಲ್ಲ. ಬಾಗಿಲಲ್ಲಿ ನೆರಳು ಕಂಡಾಗಲೆಲ್ಲ ಟೈಲರಮ್ಮ ಮಿಷನ್ ನಿಲ್ಲಿಸುತ್ತಿದ್ದಳು. ಮುಚ್ಚಿಟ್ಟುಕೊಂಡಿದ್ದನ್ನು ಕೆದಕಿದೆನೇ, ಈಗ ಮದುವೆಗೂ ಏನೋ ನೆಪ ಹೇಳಿ ಮೂಲೆ ಸೇರಿಬಿಟ್ಟರೆ ಆ ಪಾಪ ಯಾರಿಗೆ ಎನ್ನಿಸುತ್ತಿತ್ತು.

ವಾರ ಕಳೆದ ಮೇಲೆ ಲೈಬ್ರರಿಯಮ್ಮ ಬಂದಳು, ಒಬ್ಬಳೇ. ನಾದಿನಿಯನ್ನು ಚಪ್ಪಲಿ ಅಂಗಡಿಗೆ ಅಟ್ಟಿದ್ದೇನೆ, ಅಲ್ಲಿ ಇಳಿಹೊತ್ತಿನವರೆಗೂ ಸಾಕಾಗುತ್ತದೆ ಎಂದಳು. ಪರದೆಯ ಹಿಂದೆ ಹೋಗಿ, ಯಾರೂ ಹೇಳದೆಯೇ ಶಾಲು ತೆಗೆದು ಟೈಲರಮ್ಮನ ಕೈಗೆ ಕೊಟ್ಟಳು. ಕೋರಾ ಗೌನು ತೊಟ್ಟು ಕನ್ನಡಿಯ ಮುಂದೆ ಎದುರಾಗಿ, ಪಕ್ಕವಾಗಿ, ಮತ್ತೆ ಎದುರಾಗಿ ನಿಂತು ಬಹಳ ಹೊತ್ತು ನೋಡಿಕೊಂಡಳು.

“ಈ ಕೈ ಪೂರ್ತಿ ಮೇಲೇಳಲ್ಲ ನಂಗೆ,” ಎಂದಳು. “ಮಗಳು ಹೊರಡೋವಾಗ ತಬ್ಕೋಬೇಕಲ್ಲ. ಬಗಲು ಹಿಡಿದ್ರೆ?”

ಬಿರುಸು ರೇಷ್ಮೆ ಎಳೆದರೆ ಹಿಗ್ಗುವುದಿಲ್ಲ, ಹೊಲಿಗೆಯ ಬಳಿ ಎಳೆ ಬಿಡುತ್ತದೆ. ಟೈಲರಮ್ಮ ಬಲಬಗಲಿನ ಹೊಲಿಗೆ ಬಿಚ್ಚಿ, ಅಲ್ಲಿಗೆ ವಜ್ರಾಕಾರದ ಬಗಲುತುಂಡೊಂದನ್ನು ಇಟ್ಟು ದಾರ ಓಡಿಸಿದಳು.

“ಈಗ ತಬ್ಕೊಂಡು ನೋಡಿ ಅಕ್ಕಾ.”

“ಯಾರನ್ನ?”

“ಇನ್ಯಾರಿದಾರೆ ಇಲ್ಲಿ. ತಡೀರಿ, ನನ್ನೆದೆ ತುಂಬ ಗುಂಡುಪಿನ್ನು.”

ಪಿನ್ನುಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿದ ಮೇಲೆ ಲೈಬ್ರರಿಯಮ್ಮ ತಬ್ಬಿದಳು. ಟೈಲರಮ್ಮ ಆಕೆಯ ಬೆನ್ನ ಮೇಲಿಂದ ಬಗಲಿನವರೆಗೆ ಬೆರಳಾಡಿಸಿ ಬಟ್ಟೆ ಎಲ್ಲಾದರೂ ಎಳೆಯುತ್ತಿದೆಯೇ ನೋಡಿದಳು. ಎಲ್ಲಿಯೂ ಎಳೆಯುತ್ತಿರಲಿಲ್ಲ. ಆದರೂ ಇನ್ನಷ್ಟು ಹೊತ್ತು ನೋಡುತ್ತಲೇ ಇದ್ದಳು.